ಒಂದೇ ಸರಪಳಿಯ ಉದ್ದ, ಎರಡು ಪ್ರಶ್ನೆಗಳಿಗೆ ಉತ್ತರ: ಕಚ್ಚಾ ತೈಲದ ಆಂಶಿಕ ಆಸವನವನ್ನು ಕಲಿಸುವುದು

ಎಂಟನೆಯ ತರಗತಿಯ 'ಕಲ್ಲಿದ್ದಲು ಮತ್ತು ಪೆಟ್ರೋಲಿಯಂ' ಪಾಠವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಹಲವರಿರುತ್ತಾರೆ. ಚಾರ್ಟ್ ತಯಾರಿಸಲು ಅನುಕೂಲವಾದ ಪಾಠವದು. ಒಂದು ಎತ್ತರದ ಗೋಪುರ, ಅದರ ಬದಿಯಲ್ಲಿ ಐದಾರು ಕೊಳವೆಗಳು, ಒಂದೊಂದರ ಮುಂದೆ ಒಂದೊಂದು ಹೆಸರು. ಮೇಲಿನಿಂದ ಪೆಟ್ರೋಲಿಯಂ ಅನಿಲ, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ಕೀಲೆಣ್ಣೆ, ಬುಡದಲ್ಲಿ ಬಿಟುಮೆನ್. ಮಕ್ಕಳು ಇದನ್ನು ಹತ್ತು ನಿಮಿಷದಲ್ಲಿ ಬಾಯಿಪಾಠ ಮಾಡುತ್ತಾರೆ. ಮೌಲ್ಯಮಾಪನದ ಪ್ರಶ್ನೆಗಳಿಗೆ ಕೈಗಳು ಮೇಲೇಳುತ್ತವೆ. ವೀಕ್ಷಣಾ ಪುಸ್ತಕದಲ್ಲಿ 'ಉತ್ತಮ' ಎಂದು ಬರೆಯುವ ಮುನ್ನ ನಾನು ಸಾಮಾನ್ಯವಾಗಿ ಹಿಂದಿನ ಬೆಂಚಿನ ಒಂದಿಬ್ಬರನ್ನು ಕೇಳುತ್ತೇನೆ: "ಪೆಟ್ರೋಲ್ ಯಾಕೆ ಮೇಲೆ ಸಿಗುತ್ತೆ, ಡೀಸೆಲ್ ಯಾಕೆ ಕೆಳಗೆ?" ಉತ್ತರ ಹೆಚ್ಚುಕಡಿಮೆ ಯಾವಾಗಲೂ ಒಂದೇ. "ಪೆಟ್ರೋಲ್ ಹಗುರ ಸರ್, ಅದಕ್ಕೇ ಮೇಲೆ ಹೋಗುತ್ತೆ."

ಈ ಉತ್ತರ ಕೇಳಲು ಸರಿಯೆನಿಸುತ್ತದೆ. ಆದರೆ ಅದರ ಹಿಂದಿರುವ ಚಿತ್ರ ಹಾಲಿನ ಮೇಲೆ ಕೆನೆ ಕಟ್ಟುವ ಚಿತ್ರ. ಅದು ನಿಜವಾಗಿದ್ದರೆ ಕಚ್ಚಾ ತೈಲವನ್ನು ಒಂದು ಡ್ರಮ್ಮಿನಲ್ಲಿ ತುಂಬಿ ಒಂದು ವರ್ಷ ಅಲುಗಾಡಿಸದೆ ಇಟ್ಟರೆ ಸಾಕು, ಪೆಟ್ರೋಲ್ ಮೇಲೆ ಬಂದು ನಿಲ್ಲಬೇಕಿತ್ತು. ನೂರು ವರ್ಷ ಇಟ್ಟರೂ ಹಾಗಾಗುವುದಿಲ್ಲ. ಕಚ್ಚಾ ತೈಲದಲ್ಲಿರುವ ಹೈಡ್ರೋಕಾರ್ಬನ್‌ಗಳು ಒಂದರಲ್ಲೊಂದು ಪೂರ್ತಿಯಾಗಿ ಕರಗಿಹೋಗಿವೆ, ನೀರಿನಲ್ಲಿ ಸಕ್ಕರೆ ಕರಗಿದ ಹಾಗೆ. ಅವುಗಳನ್ನು ಬೇರ್ಪಡಿಸುವುದು ತೂಕವಲ್ಲ, ಕುದಿಬಿಂದು. ಆ ಕುದಿಬಿಂದುವನ್ನು ನಿರ್ಧರಿಸುವುದು ಅಣುವಿನಲ್ಲಿರುವ ಕಾರ್ಬನ್ ಸರಪಳಿಯ ಉದ್ದ. ಗೋಪುರದಲ್ಲಿ ಯಾವುದು ಎಲ್ಲಿ ಸಿಗುತ್ತದೆ ಎಂಬುದಕ್ಕೂ, ಆಮೇಲೆ ಅದು ಒಲೆಗೆ ಹೋಗುತ್ತದೋ ಲಾರಿಗೆ ಹೋಗುತ್ತದೋ ರಸ್ತೆಗೆ ಹೋಗುತ್ತದೋ ಎಂಬುದಕ್ಕೂ ಬಹುಮಟ್ಟಿಗೆ ಕಾರಣ ಅದೊಂದೇ. ಚಾರ್ಟಿನ ಎರಡು ಪಟ್ಟಿಗಳನ್ನು, ಎಂದರೆ 'ಘಟಕ' ಮತ್ತು 'ಉಪಯೋಗ'ಗಳನ್ನು, ಹೀಗೆ ಒಂದೇ ದಾರದಲ್ಲಿ ಪೋಣಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಕುದಿಯುವಾಗ ಬಿಡಿಸಿಕೊಳ್ಳುವುದು ಏನು?

ಕಪ್ಪುಹಲಗೆಯ ಮೇಲೆ ಮೊದಲು ಗೋಪುರ ಬೇಡ. ಕೆಲವು ಅಂಕಿಗಳನ್ನು ಬರೆಯೋಣ. ಒಂದು ಕಾರ್ಬನ್ನಿನ ಮೀಥೇನ್ (CH4) ಕುದಿಯುವುದು −161 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೂರು ಕಾರ್ಬನ್ನಿನ ಪ್ರೊಪೇನ್ −42ರಲ್ಲಿ, ನಾಲ್ಕರ ಬ್ಯೂಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ, ಐದರ ಪೆಂಟೇನ್ 36ರಲ್ಲಿ, ಎಂಟರ ಆಕ್ಟೇನ್ 126ರಲ್ಲಿ, ಹತ್ತರ ಡೆಕೇನ್ 174ರಲ್ಲಿ, ಹದಿನಾರರ ಹೆಕ್ಸಾಡೆಕೇನ್ 287ರಲ್ಲಿ, ಇಪ್ಪತ್ತರ ಐಕೋಸೇನ್ 343ರಲ್ಲಿ. ಕಾರ್ಬನ್ ಸಂಖ್ಯೆಯನ್ನು ಅಡ್ಡಕ್ಕೂ ಕುದಿಬಿಂದುವನ್ನು ಉದ್ದಕ್ಕೂ ಇಟ್ಟು ಮಕ್ಕಳೇ ನಕ್ಷೆ ಎಳೆಯಲಿ. ಏರುತ್ತಾ ಹೋಗಿ, ನಿಧಾನವಾಗಿ ಬಾಗುವ ಒಂದು ಗೆರೆ ಬರುತ್ತದೆ. ಆ ಬಾಗನ್ನು ಮರೆಯಬೇಡಿ, ಅದರ ಕೆಲಸ ಮುಂದೆ ಇದೆ.

ಏರುವುದಕ್ಕೆ ಕಾರಣವೇನು? ಈ ಅಣುಗಳ ನಡುವೆ ಇರುವ ಆಕರ್ಷಣೆ ತೀರ ದುರ್ಬಲ. ಆದರೆ ಅದು ಅಣುವಿನ ಉದ್ದಕ್ಕೂ ಹರಡಿಕೊಂಡಿರುತ್ತದೆ. ಸರಪಳಿ ಉದ್ದವಾದಷ್ಟೂ ಪಕ್ಕದ ಸರಪಳಿಯನ್ನು ತಾಗುವ ಜಾಗ ಹೆಚ್ಚು, ಹಿಡಿತವೂ ಹೆಚ್ಚು. ಬಿಡಿಸಿಕೊಂಡು ಆವಿಯಾಗಲು ಹೆಚ್ಚು ಶಾಖ ಬೇಕು. ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳುವ ಹೋಲಿಕೆ ಅಡುಗೆಮನೆಯದು. ತಟ್ಟೆಯಲ್ಲಿ ಬೆಂದ ರವೆ ಇದ್ದರೆ ಕಾಳುಗಳನ್ನು ಬೆರಳಲ್ಲಿ ಬಿಡಿಸಬಹುದು. ಉದ್ದ ಶಾವಿಗೆಯಾದರೆ ಒಂದೆಳೆ ಎಳೆದರೆ ಮುದ್ದೆಯೇ ಬರುತ್ತದೆ.

ಇಲ್ಲಿ ಮಕ್ಕಳು ಎಡವುವ ಒಂದು ಜಾಗವಿದೆ. ಕುದಿಸಿದಾಗ ದೊಡ್ಡ ಅಣುಗಳು ಮುರಿದು ಸಣ್ಣವಾಗುತ್ತವೆ, ಹಾಗಾಗಿ ಕಚ್ಚಾ ತೈಲದಿಂದ ಪೆಟ್ರೋಲ್ 'ತಯಾರಾಗುತ್ತದೆ' ಎಂದು ಹಲವರು ತಿಳಿಯುತ್ತಾರೆ. 'ಆಸವನದಿಂದ ಪೆಟ್ರೋಲ್ ತಯಾರಿಸುತ್ತಾರೆ' ಎಂಬ ನಮ್ಮ ಮಾತೇ ಈ ತಿಳಿವಳಿಕೆಯನ್ನು ಬೆಳೆಸುತ್ತದೆ. ಒಂದು ಮೋಲ್ ಆಕ್ಟೇನನ್ನು ಆವಿ ಮಾಡಲು ಸುಮಾರು 41 ಕಿಲೋಜೂಲ್ ಸಾಕು. ಆದರೆ ಕಾರ್ಬನ್‌ಗೂ ಕಾರ್ಬನ್‌ಗೂ ನಡುವಿನ ಬಂಧ ಮುರಿಯಲು ಮೋಲ್‌ಗೆ ಸುಮಾರು 350 ಕಿಲೋಜೂಲ್ ಬೇಕು. ಆಸವನದಲ್ಲಿ ಅಣುಗಳು ಒಂದರಿಂದೊಂದು ದೂರವಾಗುತ್ತವೆ, ಅಷ್ಟೇ. ಅಣುವಿನ ಒಳಗಿನ ಬಂಧ ಹಾಗೆಯೇ ಇರುತ್ತದೆ. ಇದು ಭೌತ ಬದಲಾವಣೆ. ಪೆಟ್ರೋಲ್ ಕಚ್ಚಾ ತೈಲದಲ್ಲಿ ಮೊದಲೇ ಇತ್ತು.

ಈಗ ಆ ಬಾಗಿದ ಗೆರೆಗೆ ಬರೋಣ. ಐದು ಕಾರ್ಬನ್‌ನಿಂದ ಆರಕ್ಕೆ ಹೋದರೆ ಕುದಿಬಿಂದು 33 ಡಿಗ್ರಿ ಏರುತ್ತದೆ. ಹತ್ತೊಂಬತ್ತರಿಂದ ಇಪ್ಪತ್ತಕ್ಕೆ ಹೋದರೆ ಏರುವುದು 13 ಡಿಗ್ರಿ ಮಾತ್ರ. ಸಾಲದ್ದಕ್ಕೆ ಒಂದೇ ಸೂತ್ರದ ಅಣು ಹಲವು ಆಕಾರಗಳಲ್ಲಿ ಇರಬಹುದು. C8H18 ಎಂದು ಬರೆಯಬಹುದಾದ ಅಣುಗಳು 18 ಬಗೆ. ನೇರ ಸರಪಳಿಯ ಆಕ್ಟೇನ್ 126ರಲ್ಲಿ ಕುದಿದರೆ, ಕವಲೊಡೆದು ಮುದುರಿಕೊಂಡಿರುವ ಐಸೋಆಕ್ಟೇನ್ 99ರಲ್ಲೇ ಕುದಿಯುತ್ತದೆ. ಅದು ನೇರ ಸರಪಳಿಯ ಹೆಪ್ಟೇನಿನ 98ಕ್ಕೆ ಒಂದೇ ಡಿಗ್ರಿ ಹೆಚ್ಚು. ಇಂಥ ಅಣುಗಳನ್ನು ಒಂದೊಂದಾಗಿ ಬೇರ್ಪಡಿಸುವುದು ಯಾವ ಸಂಸ್ಕರಣಾಗಾರಕ್ಕೂ ಬೇಕಾಗಿಲ್ಲ. ಒಂದು ಉಷ್ಣತಾ ವ್ಯಾಪ್ತಿಯಲ್ಲಿ ಕುದಿಯುವ ಅಣುಗಳ ಗುಂಪನ್ನು ಒಟ್ಟಿಗೆ ತೆಗೆಯುತ್ತಾರೆ. ಆ ಗುಂಪೇ ಒಂದು 'ಅಂಶ'. ಆಂಶಿಕ ಆಸವನ ಎಂಬ ಹೆಸರಿನ ಅರ್ಥ ಮಕ್ಕಳಿಗೆ ತಿಳಿಯಬೇಕಾದುದು ಇಲ್ಲಿ. ಪೆಟ್ರೋಲ್ ಒಂದು ಸಂಯುಕ್ತವಲ್ಲ, ಅದಕ್ಕೆ ಒಂದು ಸೂತ್ರವಿಲ್ಲ, ಒಂದು ಕುದಿಬಿಂದುವೂ ಇಲ್ಲ.

ಗೋಪುರದ ತುದಿ ಏಕೆ ತಣ್ಣಗಿದೆ?

ಕರಾವಳಿಯ ಶಾಲೆಗಳಲ್ಲಿ ಅಭ್ಯಾಸ ಬೋಧನೆ ಮಾಡುವವರಿಗೆ ಒಂದು ಅನುಕೂಲವಿದೆ. ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರವನ್ನು ಹಲವು ಮಕ್ಕಳು ದೂರದಿಂದಾದರೂ ನೋಡಿರುತ್ತಾರೆ. ಹಡಗಿನಲ್ಲಿ ಬರುವ ಕಚ್ಚಾ ತೈಲವನ್ನು ವರ್ಷಕ್ಕೆ ಒಂದೂವರೆ ಕೋಟಿ ಟನ್‌ನಷ್ಟು ಸಂಸ್ಕರಿಸುವ ಸಾಮರ್ಥ್ಯ ಅದಕ್ಕಿದೆ. ಆದರೆ ಇಂಥ ಕಡೆ ರಾತ್ರಿ ದೂರಕ್ಕೆ ಕಾಣುವ ಬೆಂಕಿ ಆಸವನ ಗೋಪುರದ್ದಲ್ಲ. ಅದು ಹೆಚ್ಚಾದ ಅನಿಲವನ್ನು ಅಪಾಯವಾಗದಂತೆ ಸುಟ್ಟುಬಿಡುವ ಬೇರೊಂದು ಕೊಳವೆಯ ತುದಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕಚ್ಚಾ ತೈಲದಿಂದ ಮೊದಲು ಉಪ್ಪನ್ನೂ ನೀರನ್ನೂ ತೆಗೆಯುತ್ತಾರೆ. ಉಪ್ಪು ಉಳಿದರೆ ಬಿಸಿಯಲ್ಲಿ ಅದರಿಂದ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿ ಗೋಪುರದ ತುದಿಯ ಉಕ್ಕನ್ನು ತಿನ್ನುತ್ತದೆ. ಆಮೇಲೆ ತೈಲ ಕುಲುಮೆಯ ಕೊಳವೆಗಳಲ್ಲಿ ಹರಿದು ಸುಮಾರು 350ರಿಂದ 370 ಡಿಗ್ರಿಗೆ ಕಾಯುತ್ತದೆ. ಆ ಹೊತ್ತಿಗೆ ಅದರಲ್ಲಿ ಬಹುಪಾಲು ಆವಿಯಾಗಿರುತ್ತದೆ, ಉಳಿದದ್ದು ದ್ರವ. ಇವೆರಡೂ ಸೇರಿ ಗೋಪುರದ ಕೆಳಭಾಗವನ್ನು ಹೊಗುತ್ತವೆ. ದ್ರವ ಬುಡಕ್ಕೆ ಇಳಿಯುತ್ತದೆ, ಆವಿ ಮೇಲೇರುತ್ತದೆ. ಚಾರ್ಟಿನಲ್ಲಿ ಎಷ್ಟೋ ಸಲ ಗೋಪುರದ ಕೆಳಗೇ ಒಲೆ ಉರಿಯುತ್ತಿರುತ್ತದೆ. ಹಾಗಲ್ಲ, ಕುಲುಮೆ ಪಕ್ಕದಲ್ಲಿ ಪ್ರತ್ಯೇಕವಾಗಿ ಇರುತ್ತದೆ. ಗೋಪುರಕ್ಕೆ ಬೇಕಾದ ಶಾಖದ ಬಹುಪಾಲು ತೈಲದ ಜೊತೆಗೇ ಒಳಗೆ ಬರುತ್ತದೆ.

ತುದಿಯ ಉಷ್ಣತೆ 110–120 ಡಿಗ್ರಿಯ ಆಸುಪಾಸು. ಬುಡದಲ್ಲಿ 350, ತುದಿಯಲ್ಲಿ 120. ಏಕೆ? 'ಮೇಲೆ ಹೋದಂತೆ ತಣ್ಣಗಾಗುತ್ತದೆ' ಎಂದು ಹೇಳಿ ಮುಂದೆ ಹೋಗುವವರೇ ಹೆಚ್ಚು. ಅದು ತಾನಾಗಿ ತಣ್ಣಗಾಗುವುದಿಲ್ಲ, ತಣ್ಣಗಾಗಿಸುತ್ತಾರೆ. ತುದಿಯಿಂದ ಹೊರಬಂದ ಆವಿಯನ್ನು ತಂಪು ಮಾಡಿ ದ್ರವವಾಗಿಸಿ, ಅದರ ಒಂದು ಪಾಲನ್ನು ಮತ್ತೆ ಗೋಪುರದ ನೆತ್ತಿಗೇ ಸುರಿಯುತ್ತಾರೆ. ಈ ತಣ್ಣನೆಯ ದ್ರವ ಹಂತ ಹಂತವಾಗಿ ಕೆಳಗಿಳಿಯುತ್ತಾ ಬರುತ್ತದೆ. ಮೇಲೇರುವ ಬಿಸಿ ಆವಿ ಅದಕ್ಕೆ ಎದುರಾಗುತ್ತದೆ.

ಎದುರಾಗುವುದು ತಟ್ಟೆಗಳ ಮೇಲೆ. ಗೋಪುರದೊಳಗೆ ಒಂದರ ಮೇಲೊಂದು ಮೂವತ್ತರಿಂದ ಐವತ್ತು ರಂಧ್ರವಿರುವ ತಟ್ಟೆಗಳಿರುತ್ತವೆ. ಪ್ರತಿ ತಟ್ಟೆಯ ಮೇಲೂ ಒಂದಿಷ್ಟು ದ್ರವ ನಿಂತಿರುತ್ತದೆ. ಕೆಳಗಿನ ಆವಿ ಆ ದ್ರವದ ಮೂಲಕ ಗುಳ್ಳೆಗುಳ್ಳೆಯಾಗಿ ನುಗ್ಗಿ ಮೇಲೆ ಹೋಗಬೇಕು. ಆಗ ಆವಿಯಲ್ಲಿರುವ ಉದ್ದ ಸರಪಳಿಗಳು ದ್ರವವಾಗಿ ಅಲ್ಲೇ ಉಳಿಯುತ್ತವೆ. ಅವು ಬಿಟ್ಟುಕೊಟ್ಟ ಶಾಖದಿಂದ ತಟ್ಟೆಯ ದ್ರವದಲ್ಲಿರುವ ಗಿಡ್ಡ ಸರಪಳಿಗಳು ಆವಿಯಾಗಿ ಮೇಲಕ್ಕೆ ಹೊರಡುತ್ತವೆ. ಒಂದೊಂದು ತಟ್ಟೆಯಲ್ಲೂ ಒಂದೊಂದು ಚಿಕ್ಕ ಆಸವನ ನಡೆಯುತ್ತದೆ. ಒಂದೇ ಸಲ ಕುದಿಸಿ ತಂಪು ಮಾಡಿದರೆ ಸಿಗುವುದು ಅರೆಬರೆ ವಿಂಗಡಣೆ. ಹತ್ತಾರು ಸಲ ಮಾಡಿದಾಗ ಅದು ಕೆಲಸಕ್ಕೆ ಬರುವಷ್ಟು ಚೊಕ್ಕವಾಗುತ್ತದೆ. ಸರಳ ಆಸವನಕ್ಕೂ ಆಂಶಿಕ ಆಸವನಕ್ಕೂ ಇರುವ ವ್ಯತ್ಯಾಸ ಇದೇ. ಸೀಮೆಎಣ್ಣೆ, ಡೀಸೆಲ್‌ಗಳನ್ನು ತಕ್ಕ ಎತ್ತರದ ತಟ್ಟೆಯಿಂದ ಬದಿಗೆ ದ್ರವವಾಗಿ ಎಳೆದುಕೊಳ್ಳುತ್ತಾರೆ.

ಇಷ್ಟಾದರೂ ಬದಿಯಿಂದ ಬಂದ ಸೀಮೆಎಣ್ಣೆಯಲ್ಲಿ ಪೆಟ್ರೋಲಿನ ಗಿಡ್ಡ ಸರಪಳಿಗಳು ಸ್ವಲ್ಪ ಕರಗಿ ಉಳಿದಿರುತ್ತವೆ, ಏಕೆಂದರೆ ಅವು ಆ ತಟ್ಟೆಯನ್ನು ಹಾದೇ ಮೇಲೆ ಹೋಗಬೇಕು. ಅದಕ್ಕಾಗಿ ಪಕ್ಕದ ಒಂದು ಚಿಕ್ಕ ಗೋಪುರದಲ್ಲಿ ಹಬೆ ಹಾಯಿಸಿ ಅವನ್ನು ಓಡಿಸುತ್ತಾರೆ. ಈ ಕೆಲಸ ಸರಿಯಾಗಿ ಆಗಿಲ್ಲವೆಂದು ಗೊತ್ತಾಗುವುದು ಫ್ಲ್ಯಾಶ್ ಪಾಯಿಂಟ್ ಪರೀಕ್ಷೆಯಲ್ಲಿ. ದ್ರವವನ್ನು ಮೆಲ್ಲನೆ ಬಿಸಿ ಮಾಡುತ್ತಾ ಅದರ ಮೇಲೆ ಆಗಾಗ ಪುಟ್ಟ ಜ್ವಾಲೆ ತೋರಿಸಿದಾಗ, ಮೇಲಿನ ಆವಿ ಮೊದಲ ಬಾರಿಗೆ 'ಭಗ್' ಎಂದು ಹೊತ್ತಿ ಆರುವ ಉಷ್ಣತೆಯೇ ಫ್ಲ್ಯಾಶ್ ಪಾಯಿಂಟ್. ಗಿಡ್ಡ ಸರಪಳಿ ತುಸು ಬೆರೆತರೂ ಅದು ಕುಸಿಯುತ್ತದೆ. ತಿರುಗಿ, ಉದ್ದ ಸರಪಳಿಗಳು ಮೇಲಕ್ಕೆ ಎರಚಿ ಡೀಸೆಲ್‌ಗೆ ಸೇರಿದರೆ ಅದರ ಬಣ್ಣ ಕಪ್ಪಾಗುತ್ತದೆ. ಗೋಪುರದ ಒಳಗೆ ಇಣುಕಿ ನೋಡಲಾಗದವರಿಗೆ ಇವೇ ಕಣ್ಣು.

ಇದು ಕಾರ್ಖಾನೆಯೊಳಗಿನ ಸೂಕ್ಷ್ಮ ಮಾತ್ರವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ದೀಪದ ಎಣ್ಣೆಗೇ ಬೆಲೆ, ಪೆಟ್ರೋಲಿಗೆ ಗಿರಾಕಿಗಳಿರಲಿಲ್ಲ. ಬೇಡವಾದ ಆ ಅಗ್ಗದ ಅಂಶವನ್ನು ಸೀಮೆಎಣ್ಣೆಯಲ್ಲೇ ಉಳಿಸಿ ಮಾರಿದಾಗ ದೀಪಗಳು ಸ್ಫೋಟಿಸಿ ಮನೆಗಳು ಸುಟ್ಟವು. ಬ್ರಿಟನ್ 1879ರ ಕಾನೂನಿನಲ್ಲಿ ಫ್ರೆಡರಿಕ್ ಅಬೆಲ್ ರೂಪಿಸಿದ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಆ ಹೆಸರಿನ ಉಪಕರಣ ಇಂದಿಗೂ ನಮ್ಮ ತೈಲ ಪ್ರಯೋಗಾಲಯಗಳಲ್ಲಿದೆ.

"ಟೀಚರ್, ಅಷ್ಟು ಬಿಸಿಗೆ ಅದು ಹತ್ತಿಕೊಳ್ಳಲ್ವಾ?"

ಒಂದು ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಈ ಪಾಠ ಮಾಡುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ಕೇಳಿದ ಪ್ರಶ್ನೆ ಇದು. ಬಹಳ ಒಳ್ಳೆಯ ಪ್ರಶ್ನೆ. ಡೀಸೆಲ್ ಗಾಳಿಯಲ್ಲಿ 210ರಿಂದ 250 ಡಿಗ್ರಿಯ ಹೊತ್ತಿಗೆ ಕಿಡಿಯಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಗೋಪುರದ ಬುಡದಲ್ಲಿರುವುದು 350. ಹತ್ತಿಕೊಳ್ಳಬೇಕಲ್ಲವೇ?

ಹತ್ತಿಕೊಳ್ಳುವುದಿಲ್ಲ, ಏಕೆಂದರೆ ಒಳಗೆ ಗಾಳಿಯಿಲ್ಲ. 'ದಹನ ಮತ್ತು ಜ್ವಾಲೆ' ಪಾಠದಲ್ಲಿ ದಹನಕ್ಕೆ ಬೇಕಾದ ಮೂರು ಸಂಗತಿಗಳನ್ನು ಮಕ್ಕಳು ಓದಿರುತ್ತಾರೆ. ಅದರಲ್ಲಿ ಇಂಧನವೂ ಶಾಖವೂ ಇಲ್ಲಿ ಧಾರಾಳವಾಗಿವೆ, ಆಕ್ಸಿಜನ್ ಒಂದಿಲ್ಲ. ಗೋಪುರದ ಒಳಗಿನ ಒತ್ತಡವನ್ನು ಹೊರಗಿನ ವಾಯುಭಾರಕ್ಕಿಂತ ತುಸು ಹೆಚ್ಚಾಗಿಯೇ ಇಡುತ್ತಾರೆ, ಹಾಗಾಗಿ ಗಾಳಿ ಒಳಕ್ಕೆ ನುಸುಳುವುದಿಲ್ಲ. ಅಪಾಯವಿರುವುದು ಹೊರಕ್ಕೆ ಸೋರಿದಾಗ. ಬಿಸಿ ತೈಲ ಸಾಗುವ ಕೊಳವೆಯಲ್ಲಿ ಬಿರುಕು ಬಿಟ್ಟರೆ, ಹೊರಬಂದ ಎಣ್ಣೆ ಗಾಳಿ ತಾಗಿದ ಕೂಡಲೇ ಬೆಂಕಿಯಾಗಬಹುದು. ಅದಕ್ಕೆ ಕಡ್ಡಿ ಗೀರುವವರು ಬೇಡ.

ಹಾಗಾದರೆ ಇನ್ನೂ ಬಿಸಿ ಮಾಡಿ ಬುಡದ ದ್ರವವನ್ನೂ ಆವಿ ಮಾಡಬಹುದಲ್ಲ? ಅಲ್ಲಿ ಬೇರೆ ತೊಡಕು. ಸುಮಾರು 370 ಡಿಗ್ರಿ ದಾಟಿದರೆ ಉದ್ದ ಸರಪಳಿಗಳು ನಿಜವಾಗಿಯೇ ಮುರಿಯತೊಡಗುತ್ತವೆ, ಕುಲುಮೆಯ ಕೊಳವೆಗಳ ಒಳಗೆ ಇದ್ದಿಲಿನಂಥ ಕೋಕ್ ಕಟ್ಟಿಕೊಳ್ಳುತ್ತದೆ. ಹಾಗಾಗಿ ಬುಡದ ಶೇಷವನ್ನು ಎರಡನೆಯ ಗೋಪುರಕ್ಕೆ ಕಳಿಸಿ ಅಲ್ಲಿ ಒತ್ತಡವನ್ನು ಇಳಿಸುತ್ತಾರೆ. ಒತ್ತಡ ಇಳಿದರೆ ಕುದಿಬಿಂದುವೂ ಇಳಿಯುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ, ಪ್ರೆಷರ್ ಕುಕ್ಕರಿನಲ್ಲಿ ಅದರ ತಿರುಗುಮುರುಗು. ಇಷ್ಟು ಹೇಳಿದರೆ ಮಕ್ಕಳು ಹಿಡಿದುಕೊಳ್ಳುತ್ತಾರೆ. ಈ ಎರಡನೆಯ ಗೋಪುರದಿಂದ ಕೀಲೆಣ್ಣೆಯ ಮೂಲವಸ್ತು ಸಿಗುತ್ತದೆ, ಅದರ ಬುಡದಲ್ಲಿ ಉಳಿಯುವುದೇ ಬಿಟುಮೆನ್. ನಾವು ರಸ್ತೆಯದ್ದನ್ನು ಡಾಂಬರು ಎಂದೇ ಕರೆಯುತ್ತೇವೆ, ಕರೆಯಲಿ. ಅದೇ ಪಾಠದಲ್ಲಿ ಬರುವ ಕಲ್ಲಿದ್ದಲಿನ ಡಾಂಬರು ಬೇರೆ ವಸ್ತು ಎಂಬುದು ಶಿಕ್ಷಕರಿಗೆ ಗೊತ್ತಿದ್ದರೆ ಸಾಕು.

ಉಪಯೋಗ ನಿರ್ಧಾರವಾಗುವುದು ಶಕ್ತಿಯಿಂದಲ್ಲ

ಈಗ ಚಾರ್ಟಿನ ಎರಡನೆಯ ಪಟ್ಟಿ. ಲಾರಿಗೆ ಡೀಸೆಲ್ ಏಕೆ ಎಂದರೆ "ಅದರಲ್ಲಿ ಪವರ್ ಜಾಸ್ತಿ" ಎಂಬ ಉತ್ತರ ಬರುತ್ತದೆ. ಅಡುಗೆ ಅನಿಲ, ಪೆಟ್ರೋಲ್, ಡೀಸೆಲ್ ಮೂರನ್ನೂ ಒಂದೊಂದು ಕಿಲೋ ಸುಟ್ಟರೆ ಸಿಗುವ ಶಾಖ ಹೆಚ್ಚುಕಡಿಮೆ ಒಂದೇ, 43ರಿಂದ 46 ಮೆಗಾಜೂಲ್. ಡೀಸೆಲ್ ಸಾಂದ್ರವಾದ್ದರಿಂದ ಒಂದು ಲೀಟರಿನಲ್ಲಿ ಹೆಚ್ಚು ತೂಕ ಹಿಡಿಯುತ್ತದೆ, ಅಷ್ಟು ಲಾಭ. ಉಪಯೋಗದ ವ್ಯತ್ಯಾಸಕ್ಕೆ ಕಾರಣ ಸಿಗುವ ಶಾಖವಲ್ಲ. ವಸ್ತು ಎಷ್ಟು ಸುಲಭವಾಗಿ ಆವಿಯಾಗುತ್ತದೆ, ಎಷ್ಟು ಸುಲಭವಾಗಿ ಹರಿಯುತ್ತದೆ, ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದು.

ಅಡುಗೆ ಅನಿಲದಿಂದ ಶುರುಮಾಡಿ, ಏಕೆಂದರೆ ಅದು ಎಲ್ಲರ ಮನೆಯಲ್ಲಿದೆ. 14.2 ಕಿಲೋ ಸಿಲಿಂಡರಿನೊಳಗೆ ಇರುವುದು ಬಹುಪಾಲು ದ್ರವ, ಪ್ರೊಪೇನ್ ಮತ್ತು ಬ್ಯೂಟೇನ್. ಮೂರು-ನಾಲ್ಕು ಕಾರ್ಬನ್ನಿನ ಈ ಅಣುಗಳು ವಾಯುಭಾರದ ಕೆಲವೇ ಪಟ್ಟು ಒತ್ತಡಕ್ಕೆ ದ್ರವವಾಗುತ್ತವೆ, ರೆಗ್ಯುಲೇಟರ್ ತಿರುಗಿಸಿದರೆ ತಾವಾಗಿಯೇ ಆವಿಯಾಗುತ್ತವೆ. ಒಂದೇ ಕಾರ್ಬನ್ನಿನ ಮೀಥೇನ್ ಹೀಗೆ ಬಗ್ಗುವುದಿಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಎಷ್ಟು ಒತ್ತಿದರೂ ಅದು ಅನಿಲವಾಗಿಯೇ ಉಳಿಯುತ್ತದೆ. ಆಟೋಗಳಿಗೆ ತುಂಬುವ ಸಿಎನ್‌ಜಿಯನ್ನು ವಾಯುಭಾರದ ಸುಮಾರು 200 ಪಟ್ಟು ಒತ್ತಡದಲ್ಲಿ ಇಡಬೇಕಾಗುವುದು ಅದಕ್ಕೇ. ಇತ್ತ ಐದು ಕಾರ್ಬನ್ನಿನ ಪೆಂಟೇನ್ ಸಿಲಿಂಡರಿನಲ್ಲಿದ್ದರೆ ಚಳಿಗಾಲದ ಬೆಳಿಗ್ಗೆ ಒಲೆಗೆ ಬರುವುದೇ ಇಲ್ಲ, ದ್ರವವಾಗಿ ಕುಳಿತಿರುತ್ತದೆ. ಒಲೆಯ ಇಂಧನ ಮೂರು-ನಾಲ್ಕಕ್ಕೇ ನಿಂತಿರುವುದು ಆಕಸ್ಮಿಕವಲ್ಲ.

ಮೇಣದಬತ್ತಿ ಇದರ ಇನ್ನೊಂದು ತುದಿ. ಮೇಣ ಇಪ್ಪತ್ತಕ್ಕೂ ಹೆಚ್ಚು ಕಾರ್ಬನ್ನಿನ ಸರಪಳಿಗಳ ಗುಂಪು. ಅದಕ್ಕೆ ನೇರವಾಗಿ ಕಡ್ಡಿ ಹಿಡಿದರೆ ಕರಗುತ್ತದೆ, ಉರಿಯುವುದಿಲ್ಲ. ಬತ್ತಿ ಬೇಕು. ತರಗತಿಯಲ್ಲಿ ಒಂದು ಮೇಣದಬತ್ತಿಯನ್ನು ಒಂದೆರಡು ನಿಮಿಷ ಉರಿಸಿ, ಗಾಳಿಯಿಲ್ಲದ ಕಡೆ ಮೆಲ್ಲನೆ ಆರಿಸಿ. ಬತ್ತಿಯಿಂದ ಬಿಳಿ ಹೊಗೆಯ ಎಳೆ ಏಳುತ್ತದೆ. ಉರಿಯುವ ಕಡ್ಡಿಯನ್ನು ಬತ್ತಿಗೆ ತಾಗಿಸದೆ, ಎರಡು ಸೆಂಟಿಮೀಟರ್ ಮೇಲೆ ಆ ಎಳೆಗೆ ಹಿಡಿದರೆ ಜ್ವಾಲೆ ಕೆಳಕ್ಕೆ ಹಾರಿ ಬತ್ತಿಯನ್ನು ಹೊತ್ತಿಸುತ್ತದೆ. ಆ ಹೊಗೆ ಮೇಣದ ಆವಿಯೇ, ತಣ್ಣಗಾಗಿ ಸೂಕ್ಷ್ಮ ಕಣಗಳಾದದ್ದು. ಉರಿಯುವುದು ದ್ರವವಲ್ಲ, ಆವಿ. ಈ ಒಂದು ಮಾತು ನಿಂತರೆ ಪೆಟ್ರೋಲ್ ಏಕೆ ದೂರದ ಕಿಡಿಗೂ ಅಪಾಯ, ಡೀಸೆಲ್ ಏಕೆ ಅಷ್ಟಲ್ಲ ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ನಮ್ಮ ಊರಿನ ಯಾವ ಹವೆಯಲ್ಲೂ ಅದರ ಮೇಲೆ ಉರಿಯಬಲ್ಲ ಆವಿ ಇದ್ದೇ ಇರುತ್ತದೆ. ಡೀಸೆಲ್‌ನದು ಸಾಮಾನ್ಯ ಕೋಣೆಯ ಉಷ್ಣತೆಗಿಂತ ಮೇಲೆ. ತರಗತಿಗೆ ಪೆಟ್ರೋಲ್ ತರಬೇಡಿ, ಮೇಣದಬತ್ತಿ ಸಾಕು.

ಹರಿಯುವ ಗುಣಕ್ಕೆ ಒಂದು ಗಾಜಿನ ಹಲಗೆ ಸಾಕು. ಒಂದು ಹನಿ ಡೀಸೆಲ್, ಒಂದು ಹನಿ ಇಂಜಿನ್ ಆಯಿಲ್, ಒಂದು ಚಿಟಿಕೆ ವ್ಯಾಸಲೀನ್ ಸಾಲಾಗಿ ಇಟ್ಟು ಹಲಗೆಯನ್ನು ಓರೆ ಮಾಡಿ. ಡೀಸೆಲ್ ಓಡುತ್ತದೆ, ಆಯಿಲ್ ತೆವಳುತ್ತದೆ, ವ್ಯಾಸಲೀನ್ ಕುಳಿತೇ ಇರುತ್ತದೆ. ಬೇರಿಂಗಿನ ನಡುವೆ ಇರಬೇಕಾದ ಎಣ್ಣೆ ಬಿಸಿಗೆ ಆವಿಯಾಗಬಾರದು, ಓಡಿಹೋಗಲೂಬಾರದು. ಆದ್ದರಿಂದ ಅಲ್ಲಿ ಉದ್ದ ಸರಪಳಿ. ಆದರೆ ಇಂಧನಕ್ಕೆ ಇದೇ ಗುಣ ಶತ್ರುವಾಗಬಹುದು. ಚಳಿ ಹೆಚ್ಚಾದರೆ ಡೀಸೆಲ್‌ನಲ್ಲಿರುವ ಉದ್ದ, ನೇರ ಸರಪಳಿಗಳು ಮೇಣವಾಗಿ ಹೆಪ್ಪುಗಟ್ಟಿ ಫಿಲ್ಟರನ್ನು ಕಟ್ಟುತ್ತವೆ. ಲಡಾಖ್‌ನಲ್ಲಿ ಇದು ಪ್ರತಿ ಚಳಿಗಾಲದ ಪಾಡಾಗಿತ್ತು. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಅಲ್ಲಿಗೆಂದೇ −33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ಹೊರತಂದಿತು. ವಿಮಾನಗಳಿಗೆ ಡೀಸೆಲ್ ಬಳಸದೆ ಅದಕ್ಕಿಂತ ಗಿಡ್ಡ ಸರಪಳಿಯ, ಸೀಮೆಎಣ್ಣೆ ಬಗೆಯ ಇಂಧನ ಬಳಸುವುದರಲ್ಲೂ ಇದೇ ಕಾರಣವಿದೆ. ಹತ್ತು ಕಿಲೋಮೀಟರ್ ಎತ್ತರದ ಚಳಿಗೆ ಅದು ಹೆಪ್ಪುಗಟ್ಟಬಾರದು. ಪೆಟ್ರೋಲಿನಂತೆ ಸುಲಭವಾಗಿ ಆವಿಯಾಗಿ ಬೆಂಕಿಯ ಅಪಾಯ ಹೆಚ್ಚಿಸಲೂಬಾರದು.

ಪೆಟ್ರೋಲ್, ಡೀಸೆಲ್: ತಿರುವು ಮುರುವು

ಇಲ್ಲಿಯವರೆಗೆ ಎಲ್ಲವೂ ಒಂದೇ ದಿಕ್ಕಿನಲ್ಲಿದೆ. ಗಿಡ್ಡ ಸರಪಳಿ ಬೇಗ ಹೊತ್ತುತ್ತದೆ, ಉದ್ದ ಸರಪಳಿ ನಿಧಾನ. ಹಾಗಿದ್ದ ಮೇಲೆ ಬೇಗ ಹೊತ್ತುವ ಪೆಟ್ರೋಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಏಕೆ, ನಿಧಾನದ ಡೀಸೆಲ್ ಇಂಜಿನ್ನಿಗೆ ಅದು ಏಕೆ ಬೇಡ? ಗ್ಯಾರೇಜಿಗೆ ಹೋಗಿಬರುವ ಹುಡುಗರು ಇದನ್ನು ಕೇಳಿಯೇ ಕೇಳುತ್ತಾರೆ.

ಪಠ್ಯದಲ್ಲಿ ಪೆಟ್ರೋಲಿನಂಥ ವಸ್ತುಗಳಿಗೆ ಜ್ವಲನ ತಾಪ ತೀರ ಕಡಿಮೆ ಎಂದು ಹೇಳುವಲ್ಲಿ ಎರಡು ಬೇರೆ ಸಂಗತಿಗಳು ಒಂದಾಗಿಬಿಟ್ಟಿವೆ. ಒಂದು, ಜ್ವಾಲೆ ತೋರಿಸಿದಾಗ ಹೊತ್ತುವುದು. ಅದು ಆವಿ ಎಷ್ಟಿದೆ ಎಂಬುದನ್ನು ಅವಲಂಬಿಸಿದೆ, ಗಿಡ್ಡ ಸರಪಳಿಗೆ ಮೇಲುಗೈ. ಇನ್ನೊಂದು, ಜ್ವಾಲೆಯೇ ಇಲ್ಲದೆ ಬಿಸಿ ಗಾಳಿಯಲ್ಲಿ ತಾನಾಗಿ ಹೊತ್ತುವುದು. ಅದು ಅಣುವಿನೊಳಗಿನ ಬಂಧಗಳನ್ನು ಅವಲಂಬಿಸಿದೆ, ಅಲ್ಲಿ ಉದ್ದ ನೇರ ಸರಪಳಿಗೆ ಮೇಲುಗೈ. ಹದಿನಾರು ಕಾರ್ಬನ್ನಿನ ಹೆಕ್ಸಾಡೆಕೇನ್ ಸುಮಾರು 200 ಡಿಗ್ರಿಗೇ ತಾನಾಗಿ ಹೊತ್ತುತ್ತದೆ. ಮೀಥೇನಿಗೆ 500ಕ್ಕಿಂತ ಹೆಚ್ಚು ಬೇಕು.

ಕಾರಣವನ್ನು ಎಣಿಸಿಯೇ ತೋರಿಸಬಹುದು. ತಾನಾಗಿ ಹೊತ್ತುವ ಮುನ್ನ ಆಕ್ಸಿಜನ್ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಳ್ಳಬೇಕು. ಸರಪಳಿಯ ನಡುವಿನ CH2ಗಳ ಹೈಡ್ರೋಜನ್ ತುದಿಯ CH3ಗಳದ್ದಕ್ಕಿಂತ ಸುಲಭವಾಗಿ ಬರುತ್ತದೆ. ನೇರ ಹೆಪ್ಟೇನಿನ 16 ಹೈಡ್ರೋಜನ್‌ಗಳಲ್ಲಿ 10 ನಡುವಿನವು. ಐಸೋಆಕ್ಟೇನಿನಲ್ಲಿ 18ರಲ್ಲಿ 15 ತುದಿಯವು. ಎರಡೂ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿ ಕುದಿಯುತ್ತವೆ ಎಂಬುದನ್ನು ಆಗಲೇ ನೋಡಿದೆವು. ಆದರೆ ಹೆಪ್ಟೇನ್ 200ಕ್ಕಿಂತ ಸ್ವಲ್ಪ ಮೇಲೆ ತಾನಾಗಿ ಹೊತ್ತಿದರೆ ಐಸೋಆಕ್ಟೇನ್ 400 ದಾಟುವವರೆಗೂ ತಡೆಯುತ್ತದೆ. ಗೋಪುರ ಇವೆರಡನ್ನೂ ಒಂದೇ ಅಂಶದಲ್ಲಿ ಕೊಡುತ್ತದೆ, ಅದಕ್ಕೆ ಕುದಿಬಿಂದು ಮಾತ್ರ ಗೊತ್ತು. ಇಂಜಿನ್ ಅವನ್ನು ಬೇರೆಬೇರೆಯಾಗಿ ಕಾಣುತ್ತದೆ. ಬಂಕಿನ ಪೆಟ್ರೋಲ್ ಗೋಪುರದಿಂದ ನೇರ ಬಂದದ್ದಲ್ಲ, ಸರಪಳಿಗಳ ಆಕಾರ ಬದಲಿಸುವ ಇನ್ನೂ ಕೆಲವು ಹಂತ ದಾಟಿ ಬಂದದ್ದು ಎಂಬುದಕ್ಕೆ ಕಾರಣ ಇದು.

ಪೆಟ್ರೋಲ್ ಇಂಜಿನ್ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಸುಮಾರು ಹತ್ತನೆಯ ಒಂದು ಪಾಲಿಗೆ ಒತ್ತುತ್ತದೆ. ಒತ್ತುವಾಗ ಬಿಸಿಯಾದರೂ ಅದು ಕಿಡಿ ಬರುವವರೆಗೆ ತಾಳಬೇಕು. ತಾಳದಿದ್ದರೆ ಇಂಜಿನ್ 'ಟಕ ಟಕ' ಎಂದು ಬಡಿಯುತ್ತದೆ. ತಾಳುವ ಶಕ್ತಿಗೆ ಆಕ್ಟೇನ್ ಸಂಖ್ಯೆಯೆಂಬ ಅಳತೆಯಿದೆ. ಹೆಪ್ಟೇನಿಗೆ 0, ಐಸೋಆಕ್ಟೇನಿಗೆ 100 ಕೊಟ್ಟು ಉಳಿದುದನ್ನು ಅಳೆಯುತ್ತಾರೆ. ನಮ್ಮ ಸಾಮಾನ್ಯ ಪೆಟ್ರೋಲಿಗೆ ಕನಿಷ್ಠ 91 ಇರಬೇಕೆಂಬ ನಿಯಮ ಹಿಂದೆ ಇತ್ತು. ಡೀಸೆಲ್ ಇಂಜಿನ್ ಬರಿ ಗಾಳಿಯನ್ನು ಹದಿನಾರರಿಂದ ಇಪ್ಪತ್ತನೆಯ ಒಂದು ಪಾಲಿಗೆ ಒತ್ತುತ್ತದೆ. ಗಾಳಿ 500 ಡಿಗ್ರಿ ದಾಟುತ್ತದೆ, ಆಗ ಡೀಸೆಲನ್ನು ಸಣ್ಣ ಹನಿಗಳಾಗಿ ಚಿಮ್ಮಿಸುತ್ತದೆ. ಆ ಕ್ಷಣದಲ್ಲಿ ಅದು ತಾಳಬಾರದು, ತಕ್ಷಣ ಹೊತ್ತಬೇಕು. ಇಲ್ಲಿ ಅಳತೆ ಸೀಟೇನ್ ಸಂಖ್ಯೆ, ಹೆಕ್ಸಾಡೆಕೇನಿಗೆ 100. ಭಾರತದ ಬಿಎಸ್-6 ಡೀಸೆಲ್‌ಗೆ ಕನಿಷ್ಠ 51.

ಒಂದು ಇಂಜಿನ್ನಿಗೆ ಗುಣವಾದದ್ದು ಇನ್ನೊಂದಕ್ಕೆ ದೋಷ. ಬಂಕಿನಲ್ಲಿ ಡೀಸೆಲ್ ಕಾರಿಗೆ ಪೆಟ್ರೋಲ್ ತುಂಬಿದ ಸುದ್ದಿಯನ್ನು ಮಕ್ಕಳು ಕೇಳಿರುತ್ತಾರೆ. ಪೆಟ್ರೋಲ್ ಅಲ್ಲಿ ಹೊತ್ತಬೇಕಾದ ಹೊತ್ತಿಗೆ ಹೊತ್ತುವುದಿಲ್ಲ. ಜೊತೆಗೆ ಇಂಧನದ ಪಂಪಿಗೆ ಡೀಸೆಲ್ ಕೊಡುತ್ತಿದ್ದ ಜಿಡ್ಡೂ ತಪ್ಪಿ, ಲೋಹಕ್ಕೆ ಲೋಹ ಉಜ್ಜಿ ಪಂಪು ಸವೆಯುತ್ತದೆ. ಕೀಲಿ ತಿರುಗಿಸದೆ ಟ್ಯಾಂಕನ್ನು ಖಾಲಿ ಮಾಡಿಸಿ ಎಂದು ಮೆಕ್ಯಾನಿಕ್‌ಗಳು ಹೇಳುವುದು ಅದಕ್ಕೇ. ನಮ್ಮ ಪ್ರಶಿಕ್ಷಣಾರ್ಥಿಗಳು ಎರಡನೆಯ ಅವಧಿಯ ಕೊನೆಗೆ ಮಕ್ಕಳಿಗೆ ಈ ಪ್ರಸಂಗವನ್ನೇ ಕೊಟ್ಟು, ಗೋಪುರದ ಚಿತ್ರ ನೋಡದೆ ಕಾರಣ ಬರೆಯಿಸಬಹುದು. ಉತ್ತರದಲ್ಲಿ 'ಹಗುರ', 'ಭಾರ' ಎಂಬ ಪದಗಳು ಬಂದರೆ ನಕ್ಷೆಗೆ ಮರಳಿ, 'ಸರಪಳಿ', 'ಆವಿ', 'ತಾನಾಗಿ ಹೊತ್ತುವುದು' ಬಂದರೆ ಮುಂದಿನ ಪಾಠಕ್ಕೆ ಹೋಗಿ.